ತಪ್ಪಿನ ಖಾನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳಬಾರದು. ನಮ್ಮ ಆಫೀಸಿನ ಕೆಳಗಿರುವ ಸೈಕಲ್ ರಿಪೇರಿಯವನು ಕೂಡ ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿಯೇ "ಇವತ್ತು ಕಂಪ್ಯೂಟರಕ್ಕನಿಗೆ ಗಾಳಿ ಜಾಸ್ತಿ ಇದೆ" ಎನ್ನುತ್ತಾನೆ. ಆದರೆ ಈಗ ಹೇಳಹೊರಟಿರುವುದು ಕೋಪದಿಂದ ಆದದ್ದಲ್ಲ. ಮರೆವಿನಿಂದ ಆದದ್ದು. ಕೋಪ ಅದರ ಮೇಲೆ ಕೂತು ಹದಿಮೂರು ದಿನ ಅದನ್ನು ಮುಚ್ಚಿಟ್ಟಿತು, ಅಷ್ಟೆ.

ನಮ್ಮದು ಎರಡು ಕೋಣೆಯ ಸಂಸ್ಥೆ. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ವಾಪಸ್ ತಂದು ಬಿಡುವುದು, ಇಷ್ಟೇ ಕೆಲಸ. ಕಿಡ್ನಿ ಹೋದವರಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಲೇಬೇಕು. ಅದು ಹಬ್ಬ ನೋಡುವುದಿಲ್ಲ, ಮಳೆ ನೋಡುವುದಿಲ್ಲ, ಜೇಬು ನೋಡುವುದಿಲ್ಲ. ಇದನ್ನು ಕಟ್ಟಿದವರು ಸಿಸ್ಟರಮ್ಮ, ಮೂವತ್ತು ವರ್ಷ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. "ಕಾಯಿಲೆಗಿಂತ ಮುಂಚೆ ದಾರಿನೇ ಸಾಯಿಸುತ್ತೆ ಕಣೇ. ಹಾಸಿಗೆ ಖಾಲಿ ಇರುತ್ತೆ, ಯಂತ್ರ ಖಾಲಿ ಇರುತ್ತೆ, ಬರೋಕೆ ಗಾಡಿ ಇರಲ್ಲ" ಎನ್ನುವುದು ಅವರ ಮಾತು. ನನ್ನ ತಮ್ಮನಿಗೂ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಸಮಾಜಸೇವೆಯ ಹುಚ್ಚಿನಿಂದಲ್ಲ. ಮುಚ್ಚುಮರೆ ಯಾಕೆ, ಅವನ ಸೀಟು ಗಟ್ಟಿ ಮಾಡಿಕೊಳ್ಳಲಿಕ್ಕೆ.

ಸಂಸ್ಥೆಯ ವೆಬ್‌ಸೈಟ್ ನನ್ನ ಕೈಯಲ್ಲಿತ್ತು. ಅದರಲ್ಲಿ ಮೂರು ಭಾಗ. 'ಕೆಲಸಗಳು' ಅಂತ ಒಂದು: ಯಾವ ಯೋಜನೆಗೆ ಎಷ್ಟು ಬೇಕು, ಎಷ್ಟು ಬಂದಿದೆ, ಹಸಿರು ಪಟ್ಟಿ ಎಲ್ಲಿಗೆ ತಲುಪಿದೆ. 'ಕೈ ಜೋಡಿಸಿ' ಅಂತ ಇನ್ನೊಂದು: ಸ್ವಯಂಸೇವಕರು ಹೆಸರು ಕೊಡುವ ಫಾರಂ. ಮೂರನೆಯದು 'ಲೆಕ್ಕ'. ಪ್ರತಿ ತಿಂಗಳ ಒಂದನೇ ತಾರೀಖು ಡೀಸೆಲ್ಲಿನಿಂದ ಹಿಡಿದು ಪಂಕ್ಚರಿನವರೆಗೆ ಎಲ್ಲ ಬಿಲ್ಲೂ ಫೋಟೋ ಸಮೇತ ಅಲ್ಲಿ ಹಾಕಬೇಕು. ಯಾವ ಯೋಜನೆಗೆಂದು ಕೊಟ್ಟ ಹಣ ಆ ಯೋಜನೆಗೇ ಹೋಗಬೇಕು. ಯೋಜನೆ ಮುಗಿಯುವ ಮೊದಲು ದಾನಿಗೆ ನಂಬಿಕೆ ಹೋದರೆ ಒಂದು ಗುಂಡಿ ಒತ್ತಿ ವಾಪಸ್ ಕೇಳಬಹುದು. ಇವೆಲ್ಲಕ್ಕಿಂತ ಕೊನೆಗೆ, ಲೆಕ್ಕದ ಅಡಿಯಲ್ಲಿ ಸಿಸ್ಟರಮ್ಮ ಹಟ ಹಿಡಿದು ಹಾಕಿಸಿದ ಒಂದು ಭಾಗ: ತಪ್ಪಿನ ಖಾನೆ.

ಆ ತಿಂಗಳು ನಾವು ಮಾಡಿದ ತಪ್ಪುಗಳನ್ನು ನಾವೇ ಬರೆಯಬೇಕು. ವಾರ್ಡಿನಲ್ಲಿ ಔಷಧಿ ತಪ್ಪಾದರೆ ನರ್ಸುಗಳು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರಂತೆ, ಅದೇ ಅಭ್ಯಾಸ. "ಡೀಸೆಲ್ ಬಿಲ್ ಒಂದು ಸಿಸ್ಟರಮ್ಮನ ಕೈಯಿಂದ ಕಳೆದಿದೆ, ಅವರೇ ತಮ್ಮ ಹಣದಿಂದ ತುಂಬಿದ್ದಾರೆ." "ಒಬ್ಬ ರೋಗಿಯನ್ನು ಇಪ್ಪತ್ತು ನಿಮಿಷ ಬಿಸಿಲಲ್ಲಿ ಕಾಯಿಸಿದೆವು." ದಾನಿಗಳಿಗೆ ಇದು ಬಲು ಇಷ್ಟ. ಬಿಲ್ಲು ನೋಡುವವರು ಹತ್ತು ಜನವಾದರೆ ತಪ್ಪು ಓದುವವರು ನೂರು ಜನ. ಸಣ್ಣ ಸಣ್ಣ ತಪ್ಪುಗಳನ್ನು ಒಪ್ಪಿಕೊಂಡು ಒಳ್ಳೆಯವರೆನಿಸಿಕೊಳ್ಳುವುದು ಎಷ್ಟು ಸುಲಭ ಅಂತ ನನಗೆ ಆಗ ಗೊತ್ತಿರಲಿಲ್ಲ.

ಆ ತಿಂಗಳ ಎಂಟನೇ ತಾರೀಖು ನಮ್ಮ ವ್ಯಾನಿನ ಎಂಜಿನ್ ಹೊಗೆ ಕಕ್ಕಿ ಸತ್ತಿತು. ಹದಿನಾಲ್ಕು ಜನ ರೋಗಿಗಳು. ಅದೇ ದಿನ 'ವ್ಯಾನಿಗೆ ಎಂಜಿನ್' ಅಂತ ಹೊಸ ಯೋಜನೆ ಹಾಕಿದೆ. ಕಾರಿರುವ ಹಳೆಯ ಸ್ವಯಂಸೇವಕರು ನಾಲ್ಕೇ ಜನ. ಸೋಮ-ಬುಧ-ಶುಕ್ರದವರನ್ನೆಲ್ಲ ಅವರು ಹಂಚಿಕೊಂಡರು, ಬೇರೆ ದಿನ ಅವರಿಗೆ ಬಿಡುವಿರಲಿಲ್ಲ. ಹಾಗಾಗಿ ನನ್ನ ತಮ್ಮನಿಗೆ ಗಾಡಿ ಸಿಕ್ಕಿತು. ಮಂಗಳ-ಗುರು-ಶನಿಯವರಲ್ಲಿ ಕೆಲವರು ಹೇಗೋ ಬಸ್ಸು ಹಿಡಿದರು. ಏಳಲಾರದ ನಾಲ್ವರಿಗೆ ತುರ್ತು ನಿಧಿಯಿಂದ ಟ್ಯಾಕ್ಸಿ ಮಾಡಿದೆವು. ಆ ನಾಲ್ವರಲ್ಲಿ ಟೈಲರ್ ಮಾವ ಒಬ್ಬರು.

ಟೈಲರ್ ಮಾವನಿಗೆ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿತ್ತು. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಮ್ಮ ವ್ಯಾನಿನ ಡ್ರೈವರು ಅವರನ್ನು ಕುರ್ಚಿ ಸಮೇತ ಇಳಿಸುತ್ತಿದ್ದ. ಟ್ಯಾಕ್ಸಿಯವರು ಮೆಟ್ಟಿಲು ನೋಡಿಯೇ ಎರಡು ಪಟ್ಟು ಕೇಳಿದರು. ಮಾವ ಆಗಲೂ ತಮಾಷೆ ಬಿಡಲಿಲ್ಲ. "ಅರ್ಧ ಪ್ಯಾಂಟಿನ ಗಿರಾಕಿಗೆ ಪೂರಾ ಚಾರ್ಜ್ ಹಾಕ್ತೀಯಲ್ಲಯ್ಯ" ಅಂದರಂತೆ ಆ ಡ್ರೈವರಿಗೆ.

ಹತ್ತನೇ ತಾರೀಖು ಬುಧವಾರ ನಾನು ಸ್ವಯಂಸೇವಕರ ಫಾರಂ ತೆರೆದು ಒಂದು ಹೊಸ ಪ್ರಶ್ನೆ ಸೇರಿಸಿದೆ. "ರೋಗಿಯನ್ನು ಮೆಟ್ಟಿಲು ಇಳಿಸಲು ಸಹಾಯ ಮಾಡಬಲ್ಲಿರಾ?" ಟೈಲರ್ ಮಾವನಿಗಾಗಿಯೇ ಸೇರಿಸಿದ ಪ್ರಶ್ನೆ. ಫಾರಂ ಬದಲಾಯಿಸುವಾಗ ಅದನ್ನು 'ಪರೀಕ್ಷೆ'ಗೆ ತಿರುಗಿಸಿಕೊಳ್ಳಬೇಕು. ಆಗ ಸುಳ್ಳು ಹೆಸರು ಹಾಕಿ ತುಂಬಿ ನೋಡಬಹುದು. ತುಂಬಿದ್ದು ಬೇರೆ ಪಟ್ಟಿಗೆ ಹೋಗಿ ಬೀಳುತ್ತದೆ, ಯಾರಿಗೂ ಇಮೇಲ್ ಬರುವುದಿಲ್ಲ, ಮುಖಪುಟದ ಎಣಿಕೆಯೂ ಏರುವುದಿಲ್ಲ. ತುಂಬಿದವರಿಗೆ ಮಾತ್ರ "ಧನ್ಯವಾದ, ನಾವೇ ನಿಮಗೆ ಕರೆ ಮಾಡುತ್ತೇವೆ" ಅಂತ ಕಾಣುತ್ತದೆ. ನಾನು ತುಂಬಿ ನೋಡಿದೆ, ಸರಿಯಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ಡಯಾಲಿಸಿಸ್ ನಡುವೆ ತಮ್ಮನ ಬಿಪಿ ಬಿದ್ದು ಪ್ರಜ್ಞೆ ತಪ್ಪಿದೆ. ಚಪ್ಪಲಿ ಒಂದು ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿದೆ.

ಸಂಜೆಗೆ ಅವನು ಸುಧಾರಿಸಿಕೊಂಡ. "ಸಾಯೋ ಹಾಗಿದ್ರೆ ಮುಂಚೇನೇ ಹೇಳ್ತೀನಿ ಅಕ್ಕ, ಇಷ್ಟು ಓಡ್ಬೇಡ, ನಿಂಗೂ ವಯಸ್ಸಾಯ್ತು" ಅಂದ. ನಾನು ನಕ್ಕೆ. ಫಾರಂ ನೆನಪಾಗಲಿಲ್ಲ.

ವ್ಯಾನು ನಿಂತು ಒಂದು ವಾರ ಕಳೆಯಿತು. ಮುಖಪುಟದಲ್ಲಿ 'ಹೊಸ ಸ್ವಯಂಸೇವಕರು: 0'. ಎಂಜಿನ್ನಿಗೆ ಹಣ ಮಾತ್ರ ಬರುತ್ತಿತ್ತು, ಹಸಿರು ಪಟ್ಟಿ ಅರ್ಧ ದಾಟಿತು. ಮಂಗಳವಾರದ ಟ್ಯಾಕ್ಸಿಗಳೊಂದಿಗೆ ತುರ್ತು ನಿಧಿ ಖಾಲಿಯಾಯಿತು. ಎಂಜಿನ್ನಿನ ಹಣದಿಂದ ನಾಲ್ಕು ಟ್ಯಾಕ್ಸಿ ಮಾಡೋಣ ಅಂತ ನಾನು ಕೇಳಿದೆ. ಸಿಸ್ಟರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಅವ್ರು ಕೊಟ್ಟಿದ್ದು ಎಂಜಿನ್‌ಗೆ ಕಣೇ. ಎಲ್ರಿಗೂ ಬರೆದು ಕೇಳಿದೀನಿ, ಒಪ್ಪಿಗೆ ಬರಲಿ."

"ಬರೋ ಹೊತ್ತಿಗೆ ಜನ ಇರ್ಬೇಕಲ್ಲ ಸಿಸ್ಟರಮ್ಮ!"

"ನಂಗೊತ್ತಿಲ್ವಾ?" ಅಂದರು. ಅವರ ದನಿ ಒಡೆದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ತಮ್ಮ ಪಿಂಚಣಿಯಿಂದ ಇಬ್ಬರ ಟ್ಯಾಕ್ಸಿಗೆ ಕೊಟ್ಟರು. ಮೆಟ್ಟಿಲಿಲ್ಲದ ಇಬ್ಬರಿಗೆ ಮಾತ್ರ ಅದು ಸಾಕಾಯಿತು. ಮೂರನೆಯವರನ್ನು ನೆಂಟರು ಹೇಗೋ ಕರೆದೊಯ್ದರು, ಉಳಿದವರು ಟೈಲರ್ ಮಾವ. ನನ್ನ ಪರ್ಸಿನಲ್ಲಿ ತಮ್ಮನ ಇಂಜೆಕ್ಷನ್ನಿನ ಹಣವಿತ್ತು. ನಾನು ಅದನ್ನು ಮುಟ್ಟಲಿಲ್ಲ.

ಮುಟ್ಟದೆ ಉಳಿದದ್ದರ ಸಿಟ್ಟನ್ನೆಲ್ಲ ಮುಖಪುಟದ ಮೇಲೆ ಕಾರಿದೆ. ದಪ್ಪ ಅಕ್ಷರದಲ್ಲಿ ಬರೆದೆ: "ವಾರವಾಯಿತು. ಕಾರು ಕೊಡಲು ಒಬ್ಬರೂ ಮುಂದೆ ಬಂದಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಮನುಷ್ಯರೇ ಇಲ್ಲವೇ?" ಬರೆದ ಮೇಲೆ ಮನಸ್ಸಿಗೆ ಹಾಯೆನಿಸಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತ ನಮ್ಮಮ್ಮ ಹೇಳುತ್ತಿದ್ದಳು. ಅಮ್ಮನ ಮಾತು ಯಾವಾಗ ಕೇಳಿದ್ದೆ?

ಗುರುವಾರ ಬೆಳಿಗ್ಗೆ ಟೈಲರ್ ಮಾವನ ಮಗಳು ಫೋನ್ ಮಾಡಿದಳು. ಅವಳು ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ದಿನಗೂಲಿಗೆ ಹೊಲಿಯುವವಳು. "ಅಕ್ಕಾ, ಯಾರಾದ್ರೂ ಸಿಕ್ಕಿದ್ರಾ?" "ಇಲ್ಲ ಕಣಮ್ಮ, ಒಂದು ನರಪಿಳ್ಳೆನೂ ಬಂದಿಲ್ಲ." ಶನಿವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಎರಡು ಸಲ ತಪ್ಪಿದರೆ ದೇಹದಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ಹೇಳದೆ ಕೇಳದೆ ನಿಲ್ಲುತ್ತದೆ. ಮನೆಯಲ್ಲಿ ರೋಗಿಯಿರುವ ನನಗೆ ಇದು ಮಗ್ಗಿಯ ಹಾಗೆ ಬಾಯಿಪಾಠ. ಸೋಮವಾರ ಬೆಳಕು ಹರಿಯುವಾಗ ಆಂಬುಲೆನ್ಸಿನವರು ಮೂರನೇ ಮಹಡಿ ಹತ್ತಿ ಮುಟ್ಟುವಷ್ಟರಲ್ಲಿ ಟೈಲರ್ ಮಾವ ಹೋಗಿಬಿಟ್ಟಿದ್ದರು.

ಮಂಗಳವಾರ ಒಬ್ಬಾಕೆ ನಮ್ಮ ಮೆಟ್ಟಿಲು ಹತ್ತಿ ಬಂದಳು. ತೋಳಿನ ತುಂಬ ಮೈದಾ ಹಿಟ್ಟು, ಬೇಕರಿಯವಳು.

"ಇಲ್ಲಿ ವೆಬ್‌ಸೈಟ್ ನೋಡ್ಕೊಳೋರು ಯಾರು?"

"ನಾನೇ. ಏನಾಗ್ಬೇಕು?"

"ನಾಚಿಕೆ ಆಗ್ಬೇಕು! ಮನುಷ್ಯರೇ ಇಲ್ವಾ ಅಂತ ಬರೀತೀರಲ್ಲ, ನಾನೇನು ದೆವ್ವನಾ? ಹತ್ತು ದಿನ ಆಯ್ತು ಹೆಸರು ಕೊಟ್ಟು. ನನ್ನ ಗಾಡಿ ಮಧ್ಯಾಹ್ನದ ತನಕ ಸುಮ್ನೆ ನಿಂತಿರುತ್ತೆ. ಕರೆ ಮಾಡ್ತೀವಿ ಅಂದ್ರಿ. ಮಾಡಿದ್ರಾ?"

"ನೀವು ಬೇರೆ ಎಲ್ಲೋ ತುಂಬಿರ್ಬೇಕು ಕಣ್ರೀ. ನಮ್ಮಲ್ಲಿ ಬಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

"ಬೇರೆ ಎಲ್ಲೋ ಮೆಟ್ಟಿಲು ಇಳಿಸ್ತೀರಾ ಅಂತ ಕೇಳ್ತಾರಾ?"

ಆ ಪ್ರಶ್ನೆ ಇದ್ದದ್ದು ನಮ್ಮ ಫಾರಮ್ಮಿನಲ್ಲಿ ಮಾತ್ರ.

ಕುರ್ಚಿ ಎಳೆದುಕೊಂಡು ತೆರೆದೆ. ಫಾರಮ್ಮಿನ ನೆತ್ತಿಯ ಮೇಲೆ ಚಿಕ್ಕ ಹಳದಿ ಅಕ್ಷರದಲ್ಲಿ 'ಪರೀಕ್ಷೆ' ಅಂತಿತ್ತು. ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು. ನನ್ನ ಸುಳ್ಳು ಹೆಸರು ಒಂದು, ಅದರ ಕೆಳಗೆ ನಲವತ್ಮೂರು ನಿಜವಾದ ಹೆಸರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ, ಸಾಲದ್ದಕ್ಕೆ ಊರನ್ನೇ ಬೈದಿದ್ದೆ. ನಲವತ್ಮೂರರಲ್ಲಿ ಒಂಬತ್ತನೆಯದು ಹನ್ನೆರಡನೇ ತಾರೀಖಿನದು, ಒಬ್ಬ ಹಮಾಲಿಯದು. ಮನೆ ಟೈಲರ್ ಮಾವನ ಮನೆಗೆ ಎರಡೇ ಬೀದಿ ಆಚೆ. ಮಂಗಳ, ಗುರು, ಶನಿ ಬೆಳಿಗ್ಗೆ ಬಿಡುವು. ಮೆಟ್ಟಿಲಿನ ಪ್ರಶ್ನೆಗೆ ಬರೆದಿದ್ದ: "ಕಾರು ಹಳೇದು, ನಾನು ಗಟ್ಟಿ. ಎಷ್ಟು ಮಹಡಿ ಆದ್ರೂ ಬೆನ್ನ ಮೇಲೆ ಹೊತ್ತು ಇಳಿಸ್ತೀನಿ."

ಬೇಕರಿಯವಳು ನನ್ನ ಮುಖ ನೋಡಿ ಜಗಳ ನಿಲ್ಲಿಸಿದಳು. "ಏನಾಯ್ತು? ನೀರು ತರ್ಲಾ?" ಅಂದಳು. ಯಂತ್ರದಲ್ಲಿ ಏನೋ ದೋಷ, ನಾಳೆಯಿಂದ ಬನ್ನಿ ಅಂತ ಅವಳನ್ನು ಕಳಿಸಿದೆ. ಯಂತ್ರದಲ್ಲಿ ದೋಷ! ನನ್ನ ಬಾಯಿಂದ ಮೊದಲು ಬಂದದ್ದು ಅದು.

ಅವತ್ತು ಮಧ್ಯಾಹ್ನವೆಲ್ಲ ಒಬ್ಬಳೇ ಕೂತಿದ್ದೆ. ಇಡೀ ಲೋಕದಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಾಡಬೇಕಾದ್ದು ಎಷ್ಟು ಸಲೀಸು! ನಲವತ್ಮೂರು ಹೆಸರನ್ನು ಕಾಗದಕ್ಕೆ ಇಳಿಸಿಕೊಂಡು ಪಟ್ಟಿ ಅಳಿಸುವುದು. 'ತಡವಾಯಿತು, ಕ್ಷಮಿಸಿ' ಅಂತ ಒಬ್ಬೊಬ್ಬರಿಗೂ ಫೋನ್ ಮಾಡುವುದು. ಬದುಕಿರುವ ಹದಿಮೂರು ಜನರಿಗೂ ಗಾಡಿ ಸಿಗುತ್ತದೆ. ಎಂಜಿನ್ನಿನ ಹಸಿರು ಪಟ್ಟಿ ಅರವತ್ನಾಲ್ಕಕ್ಕೆ ಬಂದಿದೆ, ತಿಂಗಳೊಪ್ಪತ್ತಿನಲ್ಲಿ ನೂರಾಗುತ್ತದೆ. ಬರೆದರೆ? ವಾಪಸ್ ಗುಂಡಿ ಒತ್ತುತ್ತಾರೆ. ವ್ಯಾನಿಲ್ಲದೆ ಸ್ವಯಂಸೇವಕರ ಉತ್ಸಾಹ ಎಷ್ಟು ದಿನ? ಎರಡು ತಿಂಗಳು, ಮೂರು ತಿಂಗಳು. ಆಮೇಲೆ ಟೈಲರ್ ಮಾವನ ಹಾಗೆ ಮನೆಯಲ್ಲೇ ಉಳಿಯುವವನು ನನ್ನ ತಮ್ಮ.

ಸಂಜೆ ತಮ್ಮನಿಗೆ ಹೇಳಿದೆ. ಅವನು ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದ, ದಿನಕ್ಕೆ ಅವನಿಗೆ ಇಷ್ಟೇ ನೀರು ಅಂತ ಲೆಕ್ಕ.

"ದೊಡ್ಡ ಮನುಷ್ಯನ ಥರ ಬರೆದುಬಿಡು ಅಂತ ಹೇಳ್ಬೇಕು ನಾನು, ಅಲ್ವಾ?" ಅಂದ. "ಬಾಯಿ ಬರ್ತಿಲ್ಲ ಅಕ್ಕ. ನಂಗೆ ಬದುಕ್ಬೇಕು ಅಂತಿದೆ. ನನ್ನ ಕೇಳ್ಬೇಡ."

ಹೇಳುತ್ತಲೇ ಅತ್ತುಬಿಟ್ಟ. ಅವನು ಅಳುವುದನ್ನು ನಾನು ಕಾಯಿಲೆ ಬಂದಾಗಿನಿಂದ ನೋಡಿರಲಿಲ್ಲ. ಇಬ್ಬರೂ ಅತ್ತೆವು.

ಬುಧವಾರ ಸಿಸ್ಟರಮ್ಮನಿಗೆ ಪಟ್ಟಿ ತೋರಿಸಿದೆ. ಬೈಯಲಿ, ಹೊಡೆಯಲಿ, ಕೆಲಸದಿಂದ ತೆಗೆಯಲಿ ಅಂತ ಕಾದೆ. ಅವರು ಒಂಬತ್ತನೇ ಸಾಲಿನ ಮೇಲೆ ಬೆರಳಿಟ್ಟರು.

"ಮೊದ್ಲು ಇವರಿಗೆಲ್ಲ ಫೋನ್ ಮಾಡೋಣ, ನಾಳೆ ಗುರುವಾರ" ಅಂದರು. ಮಾಡಿದೆವು. ಹಮಾಲಿಗೆ ಮಾಡುವಾಗ ಫೋನನ್ನು ಅವರ ಕೈಗೆ ಕೊಟ್ಟೆ, ಅವರೇ ಮಾತಾಡಿದರು. ಆಮೇಲೆ ಹೇಳಿದರು: "ಖಾನೇಲಿ ಬರಿಯೋದು ನೀನು, ನಾನಲ್ಲ. ಆದ್ರೆ ಟೈಲರ್ ಮಗಳು ಅದನ್ನ ಫೋನಲ್ಲಿ ಓದಿ ತಿಳ್ಕೋಬಾರ್ದು. ಮೊದ್ಲು ಅವಳ ಮುಂದೆ ನಿಂತ್ಕೊ."

ಗುರುವಾರ ಹೋದೆ. ಮೂರು ಮಹಡಿ ಹತ್ತುವಾಗ ಮೆಟ್ಟಿಲು ಎಣಿಸಿದೆ, ನಲವತ್ತೆಂಟು. ಒಂದೇ ಕೋಣೆ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ಅದರ ಮೇಲೆ ಅಳತೆ ಟೇಪು, ಬಾಗಿಲ ಪಕ್ಕ ಒಂದು ಕುರ್ಚಿ. ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು.

"ಬನ್ನಿ ಅಕ್ಕ. ನೀವೊಬ್ರಾದ್ರೂ ನಮಗೋಸ್ಕರ ಆ ಜನಕ್ಕೆ ಉಗಿದ್ರಿ" ಅಂದಳು ಮಗಳು. "ಹಾಳು ಊರು. ಒಬ್ರು ಬರ್ಲಿಲ್ಲ ನೋಡಿ."

ನಿಂತಲ್ಲೇ ಹೇಳಿದೆ. ಕೂತರೆ ಹೇಳಲಾರೆ ಅನಿಸಿತು. ಫಾರಂ, ಪರೀಕ್ಷೆ, ಫೋನು, ನನ್ನ ಮರೆವು, ನಲವತ್ಮೂರು ಜನ. ಯಂತ್ರದ ದೋಷ ಅನ್ನಲಿಲ್ಲ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಅಂದ್ರೆ ಬಂದಿದ್ರಾ?" ಅಂತ ಮೂರು ಸಲ ಕೇಳಿದಳು. ಒಂಬತ್ತನೇ ಸಾಲು ತೋರಿಸಿದೆ. ಅವಳು ಓದಿದಳು. ಬೆನ್ನ ಮೇಲೆ ಹೊತ್ತು ಇಳಿಸ್ತೀನಿ ಅನ್ನುವಲ್ಲಿಗೆ ಬಂದು ಮತ್ತೆ ಮೊದಲಿಂದ ಓದಿದಳು.

ನನ್ನ ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳು ಬಾಗಿಲ ಪಕ್ಕದ ಆ ಕುರ್ಚಿಯ ಕಾಲ ಬಳಿ ಕುಸಿದು ಕೂತಳು.

"ಗುರುವಾರ ಐದು ಗಂಟೆಗೇ ಎದ್ದು ಈ ಶರ್ಟು ಹಾಕ್ಕೊಂಡು ಇಲ್ಲಿ ಕೂತ್ಕೊಂಡ್ರು" ಅಂದಳು. "ಶನಿವಾರನೂ. ಯಾರೂ ಬರಲ್ಲ ಅಪ್ಪ, ಒಳಗೆ ಬಾ ಅಂದೆ. ಬರ್ತಾರೆ ಬಿಡು, ಜನ ಅಷ್ಟು ಕೆಟ್ಟೋರಲ್ಲ ಅಂದ್ರು. ನಂಗೆ ತಲೆ ಕೆಟ್ಟುಹೋಗಿತ್ತು ಅಕ್ಕ. ನೀವು ಬರೆದಿದ್ದನ್ನ ಫೋನಲ್ಲಿ ತೆಗೆದು ಅವರ ಮುಖಕ್ಕೆ ಹಿಡಿದೆ. ನೋಡು, ಸೊನ್ನೆ ಅಂತಿದೆ, ಮನುಷ್ಯರೇ ಇಲ್ಲ ಅಂತ ಬರೆದಿದಾರೆ, ಓದು ಅಂದೆ. ಓದಿದ್ರು. ಆಮೇಲೆ ಶರ್ಟು ಬಿಚ್ಚಿ ಕೊಟ್ಟು ಒಳಗೆ ಹೋಗಿ ಮಲಗಿದ್ರು. ಮತ್ತೆ ಅದರ ಮಾತೇ ಎತ್ಲಿಲ್ಲ."

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿಯ ಹಾರನ್ ಎರಡು ಸಲ ಆಯಿತು. ಅವಳು ಬೆಚ್ಚಿ ಕಿಟಕಿಯ ಕಡೆ ನೋಡಿದಳು, ನಾನೂ ನೋಡಿದೆ.

"ಬರೀತೀರಾ ಇದನ್ನ?" ಅಂದಳು ಕೊನೆಗೆ.

"ಬರೀತೀನಮ್ಮ."

"ನಿಮ್ಮ ತಪ್ಪು ಬರೀರಿ, ಬಿಡಿ, ಅದು ನಂಗೆ ಬೇಡ. ನಮ್ಮಪ್ಪನ ಮಾತು ಬರೀರಿ. ಈಗ ಹೋಗಿ."

ಬಾಗಿಲು ಹಾಕಿಕೊಂಡಳು. ನಲವತ್ತೆಂಟು ಮೆಟ್ಟಿಲು ಗೋಡೆ ಹಿಡಿದುಕೊಂಡು ಇಳಿದೆ.

ಒಂದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ವೆಬ್‌ಸೈಟಿನಲ್ಲಿ ತಿಂಗಳ ಲೆಕ್ಕ ಹಾಕಿದೆ. ಹತ್ತೂಕಾಲಿಗೆ ಮೊದಲ ವಾಪಸ್ ಕೋರಿಕೆ ಬಂತು. ಸಂಜೆಗೆ ಹಸಿರು ಪಟ್ಟಿ ನಲವತ್ತೊಂದಕ್ಕೆ ಇಳಿಯಿತು. ಅದು ನೂರಾಗುವ ತನಕ ತಮ್ಮನನ್ನು ಯಾರು ಯಾರು ಕರೆದುಕೊಂಡು ಹೋಗುತ್ತಾರೋ, ಎಷ್ಟು ದಿನವೋ, ನನಗೆ ಗೊತ್ತಿಲ್ಲ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ತಪ್ಪಿನ ಖಾನೆಯಲ್ಲಿ ಬರೆದದ್ದು ಇಷ್ಟು:

"ಹತ್ತನೇ ತಾರೀಖಿನಿಂದ ಇಪ್ಪತ್ಮೂರರವರೆಗೆ ಸ್ವಯಂಸೇವಕರ ಫಾರಮ್ಮನ್ನು ನಾನು ಪರೀಕ್ಷೆಯಲ್ಲೇ ಬಿಟ್ಟು ಮರೆತಿದ್ದೆ. ಯಾರೂ ಬಂದಿಲ್ಲ ಎಂದು ನಾನು ಬರೆದದ್ದು ಸುಳ್ಳು. ನಲವತ್ಮೂರು ಜನ ಬಂದಿದ್ದರು. ಅವರಲ್ಲಿ ಒಬ್ಬರನ್ನೂ ನಾವು ಕರೆಯಲಿಲ್ಲ. ಗಾಡಿಯಿಲ್ಲದೆ ಎರಡು ಡಯಾಲಿಸಿಸ್ ತಪ್ಪಿ ನಮ್ಮ ರೋಗಿಯೊಬ್ಬರು ಇಪ್ಪತ್ತೆರಡನೇ ತಾರೀಖು ತೀರಿಕೊಂಡರು. ಅವರು ಎರಡು ದಿನ ಬೆಳಿಗ್ಗೆ ಐದಕ್ಕೆ ಎದ್ದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ಕಾದಿದ್ದರು. ಬರ್ತಾರೆ ಬಿಡು, ಜನ ಅಷ್ಟು ಕೆಟ್ಟೋರಲ್ಲ ಎಂದು ಹೇಳಿದ್ದರು. ಅವರು ಹೇಳಿದ್ದು ಸರಿಯಾಗಿತ್ತು."